ಕಂತು ಕಟ್ಟುವ ಮನೆಗೆ ಬೇಕಾದ ಚರ್ಚೆ

2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯ ಬಜೆಟ್ ಅಧಿವೇಶನ ಮುಗಿದ ಬಗೆ ಹಲವರ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಸಭಾಧ್ಯಕ್ಷರ ಪೀಠದತ್ತ ಹರಿದ ಕಾಗದಗಳು ತೂರಿ ಬಂದವು, ಮಾರ್ಷಲ್‌ಗಳು ಶಾಸಕರನ್ನು ಎತ್ತಿಕೊಂಡು ಹೊರಗೆ ಒಯ್ದರು, ಬಿಜೆಪಿಯ 18 ಸದಸ್ಯರು ಆರು ತಿಂಗಳಿಗೆ ಅಮಾನತಾದರು. ಅದರ ಹಿಂದಿನ ದಿನವಷ್ಟೇ ಸಚಿವರೊಬ್ಬರು ಹನಿಟ್ರ್ಯಾಪ್ ವಿಷಯವನ್ನು ಸದನದಲ್ಲೇ ಎತ್ತಿದ್ದರು. ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4ರ ಮೀಸಲಾತಿ ಕೊಡುವ ವಿಧೇಯಕದ ಮೇಲೆ ಗದ್ದಲ ಎದ್ದಿತ್ತು. ಅದೇ ಗದ್ದಲದ ನಡುವೆ ಮುಖ್ಯಮಂತ್ರಿಯ ಸಂಬಳವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೂ ಏರಿಸುವ ವಿಧೇಯಕಗಳು ಚರ್ಚೆಯೇ ಇಲ್ಲದೆ ಪಾಸಾದವು. ಮರುದಿನದ ಮುಖಪುಟಗಳಲ್ಲಿ ಇದೇ ತುಂಬಿತ್ತು. ತುಂಬಬೇಕಾದದ್ದೇ.

ಆದರೆ ಅದೇ ಅಧಿವೇಶನದಲ್ಲಿ ಇನ್ನೊಂದು ವಿಧೇಯಕವೂ ಬಂದು ಹೋಯಿತು. ಅದರ ಹೆಸರು ಉದ್ದ: ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ವಿಧೇಯಕ. ಊರಿನ ಮಾತಲ್ಲಿ ಹೇಳುವುದಾದರೆ, ಸಂಘದ ಸಾಲದ ಕಂತು ತಪ್ಪಿದಾಗ ಮನೆ ಬಾಗಿಲಿಗೆ ಬರುವವರು ಏನು ಮಾಡಬಾರದು ಎಂಬ ಕಾನೂನು. ಇಡೀ ಅಧಿವೇಶನವನ್ನು ಒಂದೇ ಪುಟದಲ್ಲಿ ಓದುಗರ ಕೈಗೆ ಕೊಡಬೇಕು, ಒಂದೇ ಚರ್ಚೆಯನ್ನು ಆರಿಸಿಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಆರಿಸುತ್ತೇನೆ. ಯಾಕೆ ಆರಿಸುತ್ತೇನೆ, ಆರಿಸಿದ ಮೇಲೆ ಅದನ್ನು ಹೇಗೆ ಓದಬೇಕು, ಎಲ್ಲಿ ಎಡವುವ ಅಪಾಯವಿದೆ ಎಂಬುದನ್ನು ಈ ಲೇಖನದಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ. ವರದಿಗಾರನಿಗೆ ಬೇಕಾದ ಈ ಓದು, ಕಂತು ಕಟ್ಟುವ ಮನೆಯವರಿಗೂ ಅಷ್ಟೇ ಬೇಕು.

ಆರಿಸುವುದು ಹೇಗೆ

ಸದನ ಸೇರುವ ದಿನ ಬೆಳಿಗ್ಗೆ ವರದಿಗಾರರ ಕೈಗೆ ಮೊದಲು ಬರುವುದು ಆ ದಿನದ ಕಾರ್ಯಕಲಾಪಗಳ ಪಟ್ಟಿ. ಪ್ರಶ್ನೋತ್ತರ, ಶೂನ್ಯವೇಳೆ, ಗಮನ ಸೆಳೆಯುವ ಸೂಚನೆಗಳು, ಸದನದ ಮುಂದಿಡುವ ವರದಿಗಳು, ಶಾಸನ ರಚನೆ ಎಲ್ಲವೂ ಅದರಲ್ಲಿ ಸಾಲಾಗಿ ಇರುತ್ತವೆ. ಅನುಭವಿಗಳು ಈ ಪಟ್ಟಿ ನೋಡುತ್ತಲೇ ಇವತ್ತು ಎಲ್ಲಿ ಗಲಾಟೆಯಾಗುತ್ತದೆ ಎಂದು ಊಹಿಸುತ್ತಾರೆ. ಆ ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಕಣ್ಣು ಅತ್ತಲೇ ಹೋಗುತ್ತದೆ, ಪಟ್ಟಿಯ ಕೊನೆಯಲ್ಲಿರುವ ವಿಧೇಯಕಗಳು ಸಂಜೆ ಹೊತ್ತಿಗೆ ಖಾಲಿ ಕುರ್ಚಿಗಳ ಮುಂದೆ ಧ್ವನಿಮತದಲ್ಲಿ ದಾಟಿಹೋಗುತ್ತವೆ.

ನಾನು ಪಟ್ಟಿಗೆ ಕೇಳುವ ಪ್ರಶ್ನೆ ಬೇರೆ. ಇದು ಪಾಸಾದರೆ ಯಾರ ಮನೆಯಲ್ಲಿ, ಯಾವ ವಾರ, ಏನು ಬದಲಾಗುತ್ತದೆ? ಉತ್ತರದಲ್ಲಿ ದುಡ್ಡೋ ಸಮಯವೋ ಭಯವೋ ಈ ಮೂರರಲ್ಲಿ ಒಂದಾದರೂ ಇರಬೇಕು. ಆ ಮಾರ್ಚ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವೂ ಇತ್ತು. ಅದು ದೊಡ್ಡದು, ಆದರೆ ಅದರ ಪರಿಣಾಮ ಒಂದು ನಗರದ್ದು, ಹೊಸ ಪಾಲಿಕೆಗಳು ರಚನೆಯಾದ ಮೇಲಿನದ್ದು. 4.09 ಲಕ್ಷ ಕೋಟಿ ರೂಪಾಯಿಯ ಬಜೆಟ್ ಇತ್ತು. ಅದು ಎಲ್ಲರದ್ದೂ ಹೌದು, ಆದರೆ ಒಂದು ಮನೆಯ ಲೆಕ್ಕಕ್ಕೆ ಇಳಿಸಲು ಸುಲಭವಲ್ಲ. ಕಿರು ಸಾಲದ ವಿಧೇಯಕದಲ್ಲಿ ಮಾತ್ರ ದುಡ್ಡು, ಸಮಯ, ಭಯ ಮೂರೂ ಒಂದೇ ಕಡೆ ಇದ್ದವು. ವಾರದ ಯಾವ ದಿನ ಎಂದು ಕೂಡ ಹೇಳಬಹುದಿತ್ತು, ಯಾಕೆಂದರೆ ಕಂತಿನ ದಿನ ಯಾವುದೆಂದು ಪ್ರತಿ ಊರಿಗೂ ಗೊತ್ತು.

ಇನ್ನೂ ಒಂದು ಕಾರಣವಿತ್ತು. ಈ ವಿಷಯ ಸದನಕ್ಕೆ ಬರುವ ಮುಂಚೆಯೇ ಬೀದಿಯಲ್ಲಿತ್ತು. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಬಂದವು. ಹಾವೇರಿ ಜಿಲ್ಲೆಯ ಮಹಿಳೆಯರು ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿ, ಮಾಂಗಲ್ಯ ಉಳಿಸಿಕೊಡಿ ಎಂದು ಬೇಡಿಕೊಂಡರು. ಹಲವು ಜಿಲ್ಲೆಗಳಿಂದ ಆತ್ಮಹತ್ಯೆಯ ವರದಿಗಳು ಒಂದರ ಹಿಂದೆ ಒಂದು ಬಂದವು. ಸದನದ ಚರ್ಚೆಯೊಂದು ಜನರ ಬದುಕಿಗೆ ತಾಗುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ. ಜನ ಅದಾಗಲೇ ಅದರ ಬಗ್ಗೆ ತಮ್ಮದೇ ರೀತಿಯಲ್ಲಿ ಅರ್ಜಿ ಹಾಕಿಕೊಂಡಿದ್ದರು.

ಸದನಕ್ಕೆ ಬಂದ ದಾರಿ

ವಿಧೇಯಕದ ವರದಿಯನ್ನು ಅದು ಮಂಡನೆಯಾದ ದಿನದಿಂದ ಶುರುಮಾಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಇದು ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ. ಫೆಬ್ರುವರಿ ಮೊದಲ ವಾರದಲ್ಲಿ ಸರ್ಕಾರ ಕಳಿಸಿದ ಕರಡನ್ನು ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅವರು ಹಿಂದಿರುಗಿಸಿದರು. ಅವರ ಆಕ್ಷೇಪಗಳಲ್ಲಿ ಒಂದು, ಹತ್ತು ವರ್ಷದವರೆಗಿನ ಸೆರೆವಾಸ ಮತ್ತು ಐದು ಲಕ್ಷದವರೆಗಿನ ದಂಡ ಸಾಲದ ಮೊತ್ತಕ್ಕೆ ಹೋಲಿಸಿದರೆ ಅತಿಯಾಯಿತು ಎಂಬುದು. ಇನ್ನೊಂದು, ಈಗಿರುವ ಕಾನೂನುಗಳಲ್ಲೇ ಕ್ರಮ ಕೈಗೊಳ್ಳಬಹುದಲ್ಲ ಎಂಬುದು. ಮೂರನೆಯದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಬಜೆಟ್ ಅಧಿವೇಶನ ಹತ್ತಿರದಲ್ಲೇ ಇದೆ, ಸದನದಲ್ಲೇ ಚರ್ಚೆಯಾಗಲಿ ಎಂಬ ಸಲಹೆ. ಸರ್ಕಾರ ಸಮಜಾಯಿಷಿ ಕೊಟ್ಟು ಮತ್ತೆ ಕಳಿಸಿತು. ಫೆಬ್ರುವರಿ 12ರಂದು ಅಂಕಿತ ಬಿತ್ತು.

ರಾಜ್ಯಪಾಲರ ಎರಡನೆಯ ಆಕ್ಷೇಪವನ್ನು ಬರಿಯ ರಾಜಕೀಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲೊಂದು ಒಳ್ಳೆಯ ಪ್ರಶ್ನೆ ಇದೆ. ಕರ್ನಾಟಕದಲ್ಲಿ ಲೇವಾದೇವಿಗಾರರ ಕಾಯ್ದೆ 1961ರಿಂದ ಇದೆ, ಗಿರವಿದಾರರ ಕಾಯ್ದೆಯೂ ಅದೇ ವರ್ಷದ್ದು, ವಿಪರೀತ ಬಡ್ಡಿ ವಸೂಲಿ ನಿಷೇಧಿಸುವ ಕಾಯ್ದೆ 2004ರದ್ದು. ಮೂರು ಕಾನೂನುಗಳು ಪುಸ್ತಕದಲ್ಲಿ ಇದ್ದಾಗಲೂ ಮೀಟರ್ ಬಡ್ಡಿ ನಡೆಯುತ್ತಲೇ ಇತ್ತು. ಹಾಗಾದರೆ ನಾಲ್ಕನೆಯದು ಮಾತ್ರ ಹೇಗೆ ಬೇರೆ? ಸದನದಲ್ಲಿ ಕುಳಿತು ಚರ್ಚೆ ಕೇಳುವವರು ತಮ್ಮ ಟಿಪ್ಪಣಿ ಪುಸ್ತಕದ ಮೊದಲ ಸಾಲಾಗಿ ಇದನ್ನೇ ಬರೆದಿಟ್ಟುಕೊಳ್ಳಬೇಕು. ಯಾವ ಸದಸ್ಯರು ಇದಕ್ಕೆ ಉತ್ತರ ಕೇಳಿದರು, ಸಚಿವರು ಏನೆಂದರು ಎಂಬುದರಲ್ಲೇ ಚರ್ಚೆಯ ತೂಕ ಗೊತ್ತಾಗುತ್ತದೆ.

ಸುಗ್ರೀವಾಜ್ಞೆಗೆ ಆಯುಷ್ಯ ಕಡಿಮೆ. ಸಂವಿಧಾನದ 213ನೇ ವಿಧಿಯ ಪ್ರಕಾರ ಸದನ ಮತ್ತೆ ಸೇರಿದ ದಿನದಿಂದ ಆರು ವಾರ ಕಳೆದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಅಧಿವೇಶನ ಶುರುವಾದದ್ದು ಮಾರ್ಚ್ 3ಕ್ಕೆ. ಅಂದರೆ ಏಪ್ರಿಲ್ ಮಧ್ಯದೊಳಗೆ ಅದರ ಜಾಗಕ್ಕೆ ಕಾಯ್ದೆ ಬರಲೇಬೇಕಿತ್ತು. ಇಂಥ ಗಡುವು ಇರುವ ವಿಧೇಯಕ ಗದ್ದಲವಿದ್ದರೂ ಇಲ್ಲದಿದ್ದರೂ ಪಾಸಾಗುತ್ತದೆ ಎಂದು ವರದಿಗಾರ ಮೊದಲೇ ತಿಳಿದುಕೊಳ್ಳಬಹುದು. ಪಾಸಾಯಿತೇ ಇಲ್ಲವೇ ಎಂಬುದು ಇಲ್ಲಿ ಸುದ್ದಿಯೇ ಅಲ್ಲ. ಒಳಗೆ ಏನಿದೆ ಎಂಬುದಷ್ಟೇ ಸುದ್ದಿ.

ಒಳಗೆ ಏನಿದೆ

ವಿಧೇಯಕದ ಪ್ರತಿ ಕೈಗೆ ಬಂದಾಗ ಬಹಳ ಜನ ಮೊದಲು ತೆರೆಯುವುದು ಕೊನೆಯ ಪುಟವನ್ನು. ಅಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ, ಸರಳ ಭಾಷೆಯಲ್ಲಿರುತ್ತದೆ, ವರದಿಗೆ ಬೇಗ ಒದಗುತ್ತದೆ. ಆದರೆ ಅದು ಸರ್ಕಾರದ ಆಸೆ, ಕಾನೂನಲ್ಲ. ಕಾನೂನು ಇರುವುದು ಎರಡನೆಯ ಖಂಡದಲ್ಲಿ, ಪರಿಭಾಷೆಗಳಲ್ಲಿ. ಸಾಲ ಎಂದರೆ ಯಾವುದು, ಸಾಲಗಾರ ಎಂದರೆ ಯಾರು, ಸಂಸ್ಥೆ ಎಂದರೆ ಯಾವುದು ಎಂದು ಅಲ್ಲಿ ತೀರ್ಮಾನವಾದ ಮೇಲೆ ಉಳಿದ ಖಂಡಗಳು ಅದರ ಹಿಂದೆ ನಡೆಯುತ್ತವೆ.

ಈ ವಿಧೇಯಕದ ನಡುಭಾಗದಲ್ಲಿ ಬಲವಂತದ ವಸೂಲಿ ಎಂದರೇನು ಎಂಬ ವಿವರಣೆ ಇದೆ. ಹಿಂಸೆ, ಅವಮಾನ, ಬೆದರಿಕೆ; ಸಾಲಗಾರರ ಹಿಂದೆಯೇ ಬಿದ್ದು ಹೋದಲ್ಲೆಲ್ಲ ಹಿಂಬಾಲಿಸುವುದು; ಮನೆಗೂ ಕೆಲಸದ ಜಾಗಕ್ಕೂ ಪದೇ ಪದೇ ಹೋಗುವುದು; ವಸೂಲಿಗೆ ಹೊರಗಿನ ಏಜೆನ್ಸಿಯವರನ್ನೋ ಅಪರಾಧ ಹಿನ್ನೆಲೆಯವರನ್ನೋ ಬಿಡುವುದು; ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಕಿತ್ತುಕೊಳ್ಳುವುದು. ಈ ಸಾಲುಗಳನ್ನು ಯಾರೋ ಊರು ಕಂಡವರೇ ಬರೆದಿದ್ದಾರೆ ಅನಿಸುತ್ತದೆ. ಕಂತು ಬಾಕಿ ಉಳಿದ ಮನೆಯಲ್ಲಿ ಆಗುವುದು ಇವೇ. ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬುದೂ ಇದೆ. ಸಾಲ ಕೊಡುವ ಸಂಸ್ಥೆಗಳು ನೋಂದಣಿ ಪ್ರಾಧಿಕಾರದ ಮುಂದೆ, ಅಂದರೆ ಜಿಲ್ಲಾಧಿಕಾರಿಯ ಬಳಿ, ಮೂವತ್ತು ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಯಾವ ಊರುಗಳಲ್ಲಿ ವ್ಯವಹಾರ, ಬಡ್ಡಿ ಎಷ್ಟು, ವಸೂಲಿ ಹೇಗೆ, ವಸೂಲಿಗೆ ಹೋಗುವವರು ಯಾರು ಎಂದು ಅದರಲ್ಲಿ ಹೇಳಬೇಕು. ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ ದೂರಿಗೆ ಕಾಯದೆ ತಾನಾಗಿಯೇ ಪ್ರಕರಣ ದಾಖಲಿಸಬಹುದು. ಶಿಕ್ಷೆ ಆರು ತಿಂಗಳಿಂದ ಹತ್ತು ವರ್ಷದವರೆಗೆ.

ಇವೆಲ್ಲದರ ನಡುವೆ ಒಂದು ಖಂಡ ಕಣ್ಣು ಸೆಳೆಯುತ್ತದೆ. ನೋಂದಣಿಯೂ ಪರವಾನಗಿಯೂ ಇಲ್ಲದ ಸಂಸ್ಥೆ ಅಥವಾ ಲೇವಾದೇವಿಗಾರ ದುರ್ಬಲ ವರ್ಗದ ಸಾಲಗಾರರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದೆ ಎಂದೇ ಭಾವಿಸತಕ್ಕದ್ದು. ಅದರ ವಸೂಲಿಗೆ ಸಿವಿಲ್ ನ್ಯಾಯಾಲಯವೂ ದಾವೆ ತೆಗೆದುಕೊಳ್ಳುವಂತಿಲ್ಲ. ಮೀಟರ್ ಬಡ್ಡಿಯ ಕೈಯಲ್ಲಿ ಸಿಕ್ಕಿಕೊಂಡವರಿಗೆ ಇದು ದೊಡ್ಡ ಮಾತು.

ವರದಿ ದಾರಿ ತಪ್ಪುವುದೂ ಇಲ್ಲಿಯೇ. ಈ ವಾಕ್ಯದಲ್ಲಿ ‘ನೋಂದಣಿ ಇಲ್ಲದ’ ಎಂಬ ಎರಡು ಪದ ಬಿಟ್ಟು, ‘ಮೈಕ್ರೋಫೈನಾನ್ಸ್ ಸಾಲ ಮನ್ನಾ’ ಎಂದು ತಲೆಬರಹ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ಊರಿನ ಸಂಘಗಳಿಗೆ ವಾರ ವಾರ ಮೀಟಿಂಗ್ ಮಾಡಿ ಸಾಲ ಕೊಡುವ ದೊಡ್ಡ ಸಂಸ್ಥೆಗಳು ಬಹುಮಟ್ಟಿಗೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದವು. ಅವುಗಳ ಸಾಲ ಈ ವಾಕ್ಯದಿಂದ ಒಂದು ರೂಪಾಯಿಯೂ ತೀರುವುದಿಲ್ಲ. ತಲೆಬರಹ ನಂಬಿ ಕಂತು ನಿಲ್ಲಿಸಿದ ಹೆಂಗಸಿನ ಹೆಸರು ಸಾಲದ ಮಾಹಿತಿ ಇಡುವ ಕ್ರೆಡಿಟ್ ಬ್ಯೂರೋದಲ್ಲಿ ಬಾಕಿದಾರಳೆಂದು ದಾಖಲಾಗುತ್ತದೆ. ನಾಳೆ ಮಗಳ ಕಾಲೇಜಿಗೋ ಹಸು ಕೊಳ್ಳಲಿಕ್ಕೋ ಬ್ಯಾಂಕಿಗೆ ಹೋದಾಗ ಬಾಗಿಲು ಮುಚ್ಚಿರುತ್ತದೆ. ಆಗ ಅವಳು ಹೋಗುವುದು ಮತ್ತೆ ಮೀಟರ್ ಬಡ್ಡಿಯವನ ಬಳಿಗೇ.

ಇದು ಬರಿಯ ಊಹೆಯಲ್ಲ. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಆತ್ಮಹತ್ಯೆಗಳ ನಂತರ ಇದೇ ಬಗೆಯ ಸುಗ್ರೀವಾಜ್ಞೆ ತಂದಿತು. ಜಿಲ್ಲಾ ಮಟ್ಟದ ನೋಂದಣಿ ಅಲ್ಲಿಯೂ ಇತ್ತು. ಕಿರುಕುಳ ತಗ್ಗಿತು, ನಿಜ. ಆದರೆ ಮರುಪಾವತಿಯೂ ಕುಸಿದುಬಿತ್ತು, ಹೊಸ ಸಾಲ ನಿಂತಿತು, ಸಣ್ಣ ಸಂಸ್ಥೆಗಳು ಮುಳುಗಿದವು. ರಿಸರ್ವ್ ಬ್ಯಾಂಕ್ ಮಾಲೇಗಾಂ ಸಮಿತಿ ನೇಮಿಸಿ, ಮರುವರ್ಷ ಈ ಸಂಸ್ಥೆಗಳಿಗೆಂದೇ ಪ್ರತ್ಯೇಕ ವರ್ಗ ಮಾಡಿ ನಿಯಮ ತಂದಿತು. ಪಕ್ಕದ ರಾಜ್ಯದ ಈ ಅನುಭವ ಗೊತ್ತಿದ್ದವರು ಮಾರ್ಚ್‌ನ ಚರ್ಚೆಯನ್ನು ಬೇರೆಯೇ ಕಿವಿಯಿಂದ ಕೇಳುತ್ತಾರೆ. ಶಿಕ್ಷೆ ಎಷ್ಟು ವರ್ಷ ಎಂಬುದಕ್ಕಿಂತ ಈ ಕಾಯ್ದೆ ಯಾರಿಗೆ ಎಷ್ಟು ತಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಅದಕ್ಕೆ ಇನ್ನೊಂದು ತೊಡಕೂ ಇದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೇರಳ ಮತ್ತು ಗುಜರಾತಿನ ಲೇವಾದೇವಿ ಕಾನೂನುಗಳ ಪ್ರಕರಣದಲ್ಲಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಆ ರಾಜ್ಯ ಕಾನೂನುಗಳು ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಸಂಸ್ಥೆಯ ವ್ಯವಹಾರ ಹೇಗಿರಬೇಕೆಂಬ ನಿಯಂತ್ರಣ ಕೇಂದ್ರದ ಕೈಯಲ್ಲಿ, ಬಾಗಿಲ ಬಳಿ ನಡೆಯುವ ದೌರ್ಜನ್ಯ ರಾಜ್ಯದ ಪೊಲೀಸರ ಕೈಯಲ್ಲಿ. ಸದನದಲ್ಲಿ ಸದಸ್ಯರು ಕಿರುಕುಳದ ಘಟನೆಗಳನ್ನು ಹೇಳುವಾಗ, ಅದು ನೋಂದಾಯಿತ ಸಂಸ್ಥೆಯ ಏಜೆಂಟನದೇ ಅಥವಾ ಊರಿನ ಬಡ್ಡಿ ವ್ಯಾಪಾರಿಯದೇ ಎಂದು ಬಿಡಿಸಿ ಹೇಳದಿದ್ದರೆ, ವರದಿ ಬರೆಯುವವರೇ ಬಿಡಿಸಿ ಕೇಳಿಕೊಳ್ಳಬೇಕು. ಲಾಬಿಯಲ್ಲಿ ಆ ಶಾಸಕರನ್ನು ಹಿಡಿದು, ‘ನೀವು ಹೇಳಿದ ಪ್ರಕರಣದಲ್ಲಿ ಸಾಲ ಕೊಟ್ಟವರು ಯಾರು ಸರ್? ಪಾಸ್‌ಬುಕ್ ನೋಡಿದಿರಾ?’ ಎಂದು ಕೇಳಿದರೆ ಸಾಕು.

ಒಂದು ಮನೆಯ ಲೆಕ್ಕ

ಈಗ ವಿಧೇಯಕವನ್ನು ಪಕ್ಕಕ್ಕಿಟ್ಟು ಒಂದು ಮನೆಯ ಲೆಕ್ಕ ಹಾಕೋಣ. ಇದು ಉದಾಹರಣೆಗಾಗಿ ಕಟ್ಟಿಕೊಂಡ ಮನೆ. ಗಂಡ ಗಾರೆ ಕೆಲಸ, ಹೆಂಡತಿ ಹೊಲಿಗೆ. ಇಬ್ಬರದ್ದೂ ಸೇರಿ ತಿಂಗಳಿಗೆ 15 ಸಾವಿರ ರೂಪಾಯಿ, ವರ್ಷಕ್ಕೆ 1.80 ಲಕ್ಷ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಅದೇ ನಿರ್ದೇಶನ ಇನ್ನೊಂದು ಮಾತು ಹೇಳುತ್ತದೆ: ಮನೆಯ ಎಲ್ಲ ಸಾಲಗಳ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಈ ಮನೆಗೆ ಆ ಮಿತಿ 7,500 ರೂಪಾಯಿ.

50 ಸಾವಿರ ಸಾಲ, ಎರಡು ವರ್ಷದ ಅವಧಿ, ವರ್ಷಕ್ಕೆ ಶೇ 24 ಬಡ್ಡಿ, ಕಟ್ಟಿದಷ್ಟೂ ಅಸಲು ಇಳಿಯುತ್ತ ಹೋಗುವ ಲೆಕ್ಕ. ತಿಂಗಳ ಕಂತು ಸುಮಾರು 2,643 ರೂಪಾಯಿ ಬರುತ್ತದೆ. ಎರಡು ಸಂಸ್ಥೆಗಳಿಂದ ಇಂಥ ಎರಡು ಸಾಲ ತೆಗೆದರೆ 5,286. ಮಿತಿಯೊಳಗೆ ಇದೆ. ಮೂರನೆಯವರು ಬಂದು ಇನ್ನೊಂದು 50 ಸಾವಿರ ಕೊಟ್ಟರೆ 7,929. ಮಿತಿ ದಾಟಿತು. ಮೂರನೆಯ ಸಾಲ ಕೊಟ್ಟ ದಿನವೇ ನಿಯಮ ಮುರಿದಿದೆ, ಕಂತು ತಪ್ಪುವ ದಿನದವರೆಗೆ ಕಾಯಬೇಕಿಲ್ಲ. ವಸೂಲಿಯ ಕಿರುಕುಳಕ್ಕೆ ಬೀಜ ಬಿತ್ತುವುದು ಈ ಮೂರನೆಯ ಸಾಲದ ಸಹಿ. ಮಳೆಗಾಲದಲ್ಲಿ ಒಂದು ತಿಂಗಳು ಗಾರೆ ಕೆಲಸ ನಿಂತರೆ ಈ ಮನೆ ಏನು ಮಾಡುತ್ತದೆ? ಒಂದರ ಕಂತು ಕಟ್ಟಲು ಇನ್ನೊಂದು ಸಾಲ ಹುಡುಕುತ್ತದೆ. ಆಗ ಸಿಗುವುದು ಪಾಸ್‌ಬುಕ್ ಇಲ್ಲದ ಸಾಲ.

ಬಡ್ಡಿಯ ಲೆಕ್ಕದಲ್ಲೂ ಒಂದು ಕಡೆ ಎಚ್ಚರ ಬೇಕು. ಅದೇ ಶೇ 24 ಬಡ್ಡಿಯನ್ನು ಮೊದಲ ದಿನದ 50 ಸಾವಿರದ ಮೇಲೆಯೇ ಎರಡು ವರ್ಷವೂ ಹಾಕಿದರೆ ಬಡ್ಡಿಯೇ 24 ಸಾವಿರ ಆಗುತ್ತದೆ, ಕಂತು 3,083. ಇಳಿಯುವ ಲೆಕ್ಕದಲ್ಲಿ ಬಡ್ಡಿ 13,445 ರೂಪಾಯಿಯ ಆಸುಪಾಸು. ಬಾಯಿಮಾತಿನಲ್ಲಿ ಎರಡೂ ‘ಎರಡು ರೂಪಾಯಿ ಬಡ್ಡಿ’ಯೇ. ಆದ್ದರಿಂದ ಸದನದಲ್ಲಿ ಯಾರಾದರೂ ಬಡ್ಡಿ ಶೇಕಡಾ ಇಷ್ಟು ಎಂದು ಹೇಳಿದಾಗ ಅದು ಯಾವ ಲೆಕ್ಕ ಎಂದು ನೋಡದೆ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. 2022ರಿಂದ ರಿಸರ್ವ್ ಬ್ಯಾಂಕ್ ಈ ಸಂಸ್ಥೆಗಳಿಗೆ ಇಂತಿಷ್ಟೇ ಬಡ್ಡಿ ಎಂಬ ಮಿತಿಯನ್ನು ತೆಗೆದುಹಾಕಿದೆ. ವಿಪರೀತವಾಗಿರಬಾರದು ಎಂದಷ್ಟೇ ಹೇಳಿದೆ. ಆದರೆ ಬಡ್ಡಿ, ಶುಲ್ಕ, ಕಂತು ಎಲ್ಲವನ್ನೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಬೇಕೆಂದು ಕಡ್ಡಾಯ ಮಾಡಿದೆ. ಆ ಹಾಳೆ ಮನೆಯಲ್ಲಿದೆಯೇ ಎಂದು ಕೇಳುವುದು ಈ ವಿಷಯದ ವರದಿಯಲ್ಲಿ ನನಗೆ ಅತ್ಯಂತ ಉಪಯುಕ್ತವಾದ ಪ್ರಶ್ನೆ. ಹಾಳೆ ಇಲ್ಲ ಎಂದರೆ ಅಲ್ಲಿಂದಲೇ ವರದಿ ಶುರು.

ವಸೂಲಿಯ ಬಗ್ಗೆಯೂ ಅದೇ ನಿರ್ದೇಶನದಲ್ಲಿ ಸ್ಪಷ್ಟ ಮಾತಿದೆ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಗೊತ್ತಾದ ಜಾಗದಲ್ಲಿ. ಎರಡು ಅಥವಾ ಹೆಚ್ಚು ಸಲ ಸತತವಾಗಿ ಸಾಲಗಾರರು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನೂ ಇಲ್ಲ, ಭೇಟಿಯೂ ಇಲ್ಲ. ನೆಂಟರಿಗೆ, ಗೆಳೆಯರಿಗೆ, ಜೊತೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ. ಸಾಲಗಾರರ ಹೆಸರನ್ನು ಊರಿಗೆಲ್ಲ ಸಾರುವಂತಿಲ್ಲ. ರಾಜ್ಯದ ಕಾಯ್ದೆ ಬರುವುದಕ್ಕೆ ಮೂರು ವರ್ಷ ಮೊದಲೇ ಇದು ಇತ್ತು. ರಾತ್ರಿ ಎಂಟಕ್ಕೆ ಬಾಗಿಲು ಬಡಿದವರನ್ನು ಪ್ರಶ್ನಿಸಲು ಹೊಸ ಕಾಯ್ದೆ ಬೇಕಿರಲಿಲ್ಲ. ಈ ನಿಯಮ ಸಾಲಗಾರರಿಗೆ ಗೊತ್ತಿದ್ದರೆ ಸಾಕಿತ್ತು. ಇಂಥ ಒಂದು ಸಾಲನ್ನು ಪತ್ರಿಕೆಯ ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ ಹಾಕುವುದು, ಸದನದಲ್ಲಿ ಯಾರು ಯಾರಿಗೆ ಏನೆಂದರು ಎಂಬ ಹತ್ತು ಸಾಲಿಗಿಂತ ಮೇಲು ಎಂದು ನಾನು ನಂಬಿದ್ದೇನೆ.

ಎರಡೂ ಕಾನೂನುಗಳು ಕೈ ಚಾಚದ ಒಂದು ಜಾಗವೂ ಇದೆ, ಅದನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಸಂಘದ ಸಾಲ ನಿಂತಿರುವುದು ಜಂಟಿ ಹೊಣೆಯ ಮೇಲೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅದರಿಂದ ಬಾಗಿಲಲ್ಲಿ ನಿಂತು ಕೂಗುವವರು ಎಷ್ಟೋ ಸಲ ಸಂಸ್ಥೆಯ ನೌಕರರಲ್ಲ, ಪಕ್ಕದ ಮನೆಯ ಅಕ್ಕ, ಎದುರು ಮನೆಯ ಅತ್ತೆ. ಫೀಲ್ಡ್ ಆಫೀಸರ್ ಸೆಂಟರ್ ಮೀಟಿಂಗ್‌ನಲ್ಲಿ, ಬಾಕಿ ಬರುವವರೆಗೆ ಯಾರೂ ಏಳಬೇಡಿ ಎಂದು ಸುಮ್ಮನೆ ಕೂತರೆ ಸಾಕು. ಮನೆಯಲ್ಲಿ ಮಗು ಅಳುತ್ತಿರುತ್ತದೆ, ಕೂಲಿಗೆ ಹೊತ್ತಾಗಿರುತ್ತದೆ, ಹೆಂಗಸರು ಎದ್ದು ಬಾಕಿದಾರಳ ಮನೆಗೆ ಹೋಗುತ್ತಾರೆ. ಅವಳು ಯಾರ ಮೇಲೆ ದೂರು ಕೊಡಬೇಕು? ಜೀವನವಿಡೀ ಮುಖ ನೋಡಬೇಕಾದವರ ಮೇಲೆಯೇ? ಹತ್ತು ವರ್ಷದ ಶಿಕ್ಷೆ ಈ ಜಗಳಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕಾಯ್ದೆಯಲ್ಲಿ ಸರ್ಕಾರ ಓಂಬುಡ್ಸ್‌ಪರ್ಸನ್ ಒಬ್ಬರನ್ನು ನೇಮಿಸಿ ಸಾಲಗಾರ ಮತ್ತು ಸಂಸ್ಥೆಯ ನಡುವೆ ಮಧ್ಯಸ್ಥಿಕೆ ಮಾಡಿಸಬಹುದು ಎಂದಿದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹೆಚ್ಚು ಮಾತಾಡಬೇಕಾಗಿದ್ದ ಅಂಶ ಇದೇ. ಕಂತನ್ನು ಮುಂದೂಡಿಸುವ, ಅವಧಿ ಹಿಗ್ಗಿಸುವ ಒಂದು ಕಚೇರಿ ತಾಲ್ಲೂಕಿಗೊಂದು ಇದ್ದರೆ ಪೊಲೀಸ್ ಠಾಣೆಗೆ ಹೋಗುವ ಪ್ರಸಂಗವೇ ಕಡಿಮೆಯಾಗುತ್ತದೆ.

ಸದನ ಮುಗಿದ ಮೇಲೆ

ವಿಧೇಯಕ ಪಾಸಾದ ದಿನ ವರದಿಗಾರರ ಕೆಲಸ ಮುಗಿದಂತೆ ಕಾಣುತ್ತದೆ. ಈ ಬಗೆಯ ಚರ್ಚೆಯನ್ನು ಆರಿಸಿಕೊಂಡವರಿಗೆ ಹಾಗಲ್ಲ. ಕಾಯ್ದೆ ಜಾರಿಯಾಗಿದೆಯೇ ಎಂದು ತಿಳಿಯುವ ಜಾಗಗಳು ಬೇರೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಸಂಸ್ಥೆಗಳ ಪಟ್ಟಿ ಇರಬೇಕು. ಅದನ್ನು ಕೇಳಿ ಪಡೆದು, ಊರಲ್ಲಿ ನಿಜವಾಗಿ ಸಾಲ ಕೊಡುವವರ ಹೆಸರುಗಳ ಜೊತೆ ಹೋಲಿಸಿದರೆ ಅರ್ಧ ದಿನದ ಕೆಲಸದಲ್ಲಿ ಗಟ್ಟಿ ವರದಿಯಾಗುತ್ತದೆ. ಪಟ್ಟಿಯಲ್ಲಿ ಇಲ್ಲದವರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಇದ್ದಾರೆಯೇ ಎಂದು ಅದರ ಜಾಲತಾಣದಲ್ಲಿ ನೋಡಬೇಕು. ಎರಡರಲ್ಲೂ ಇಲ್ಲದಿದ್ದರೆ, ಸಾಲ ತೀರಿದೆ ಎಂದೇ ಭಾವಿಸತಕ್ಕದ್ದು ಎಂಬ ಆ ಖಂಡದ ನೆರಳಿಗೆ ಬರುವವರು ಅವರೇ.

ಸಾಲಗಾರರ ಕೈಗೂ ಇಲ್ಲಿಂದ ಒಂದು ದಾರಿ ಸಿಗುತ್ತದೆ. ಸಾಲ ನೋಂದಾಯಿತ ಸಂಸ್ಥೆಯದಾದರೆ ಮೊದಲು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ವಿಚಾರಿಸಲು 14448 ಸಂಖ್ಯೆ ಇದೆ. ಬೆದರಿಕೆ, ಬೈಗುಳ, ಹಲ್ಲೆಯಾದರೆ ಈ ಮೂವತ್ತು ದಿನ ಕಾಯಬೇಕಿಲ್ಲ, ಅದು ನೇರ ಪೊಲೀಸರ ಕೆಲಸ. ದೂರು ಕೊಡುವಾಗ ಬಂದವರ ಹೆಸರು, ದಿನಾಂಕ, ಗಂಟೆ, ಕರೆ ಬಂದ ಫೋನ್ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ದೂರಿಗೆ ಬಲ ಬರುತ್ತದೆ.

ಮತ್ತೆ ಸದನದ ಕಡೆಗೇ ಬಂದರೆ, ಮುಂದಿನ ಅಧಿವೇಶನಗಳಲ್ಲಿ ಈ ವಿಷಯ ಜೀವಂತವಾಗಿರುವುದು ಪ್ರಶ್ನೋತ್ತರದಲ್ಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದ ಉತ್ತರವಷ್ಟೇ. ಆದರೆ ಅಂಕಿಅಂಶ ಬೇಕಿರುವವರಿಗೆ ಎರಡನೆಯದೇ ಹೆಚ್ಚು ಒದಗುತ್ತದೆ, ಏಕೆಂದರೆ ಉತ್ತರದ ಜೊತೆಗೆ ಜಿಲ್ಲಾವಾರು, ತಾಲ್ಲೂಕುವಾರು ಅನುಬಂಧ ಬರುತ್ತದೆ, ಗದ್ದಲದಲ್ಲಿ ಕಲಾಪ ಮುಂದೂಡಿಕೆಯಾದರೂ ಆ ಕಾಗದ ಸದನದ ಮುಂದೆ ಇರುತ್ತದೆ. ಅಂದಿನ ಗಲಾಟೆಯಲ್ಲಿ ಯಾರೂ ತೆರೆದು ನೋಡದ ಅನುಬಂಧಗಳಲ್ಲಿ ನಮ್ಮ ಕೆಲವು ಒಳ್ಳೆಯ ವರದಿಗಳು ಸಿಕ್ಕಿವೆ. ಸದನದ ಕಲಾಪವನ್ನು ದುರುದ್ದೇಶವಿಲ್ಲದೆ ಇದ್ದದ್ದು ಇದ್ದಂತೆ ಪ್ರಕಟಿಸುವ ಪತ್ರಿಕೆಗೆ ಸಂವಿಧಾನದ 361ಎ ವಿಧಿ ರಕ್ಷಣೆ ಕೊಡುತ್ತದೆ. ಕಡತದಿಂದ ತೆಗೆದುಹಾಕಿದ ಮಾತುಗಳನ್ನು ಮಾತ್ರ ಮುಟ್ಟುವಂತಿಲ್ಲ.

ಈ ಪ್ರಶ್ನೆಗಳನ್ನು ಶಾಸಕರು ತಾವಾಗಿಯೇ ಕೇಳುತ್ತಾರೆ ಎಂದು ಕಾಯಬೇಕಿಲ್ಲ. ಮತದಾರರು ಬರೆದು ಕೊಟ್ಟ ಪ್ರಶ್ನೆಯನ್ನು ತಮ್ಮ ಹೆಸರಿನಲ್ಲಿ ಸಲ್ಲಿಸುವ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಸದನಕ್ಕೆ ಹೋಗುವ ಪ್ರಶ್ನೆ ಚಿಕ್ಕದಾಗಿರಬೇಕು, ಅಭಿಪ್ರಾಯ ಬೆರೆಯಬಾರದು, ಅಂಕಿಯಲ್ಲಿ ಉತ್ತರಿಸುವಂತಿರಬೇಕು, ಉಪಭಾಗಗಳಿಗೆ ಅಕ್ಷರ ಹಾಕಿರಬೇಕು. ಈ ಕಾಯ್ದೆಯ ಬಗ್ಗೆ ನಾನು ಬರೆದು ಕೊಡುವುದಾದರೆ ಹೀಗೆ ಬರೆಯುತ್ತೇನೆ:

(ಅ) ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಕಾಯ್ದೆಯಡಿ ಇದುವರೆಗೆ ಜಿಲ್ಲಾವಾರು ಎಷ್ಟು ಸಂಸ್ಥೆಗಳು ನೋಂದಣಿಗೆ ಅರ್ಜಿ ಸಲ್ಲಿಸಿವೆ, ಎಷ್ಟಕ್ಕೆ ನೋಂದಣಿ ನೀಡಲಾಗಿದೆ; (ಆ) ಬಲವಂತದ ವಸೂಲಿಗೆ ಸಂಬಂಧಿಸಿ ದಾಖಲಾದ ಪ್ರಕರಣಗಳೆಷ್ಟು, ಅವುಗಳಲ್ಲಿ ನೋಂದಣಿ ಇಲ್ಲದವರ ವಿರುದ್ಧದ ಪ್ರಕರಣಗಳೆಷ್ಟು, ಪೊಲೀಸರು ತಾವಾಗಿಯೇ ದಾಖಲಿಸಿಕೊಂಡವು ಎಷ್ಟು; (ಇ) ಓಂಬುಡ್ಸ್‌ಪರ್ಸನ್ ನೇಮಕವಾಗಿದೆಯೇ, ಆಗಿದ್ದಲ್ಲಿ ಕಚೇರಿ ಎಲ್ಲಿದೆ, ಸ್ವೀಕರಿಸಿದ ಮತ್ತು ಇತ್ಯರ್ಥಪಡಿಸಿದ ಅರ್ಜಿಗಳು ತಾಲ್ಲೂಕುವಾರು ಎಷ್ಟು?